ಡ್ಯಾಶ್‌ಬೋರ್ಡ್ ರಿಫ್ರೆಶ್ ಜಾಬ್ ಬೇರೆಯವರ ಕೈಗೆ ಒಪ್ಪಿಸಬೇಕು. ಈ ಟಿಪ್ಪಣಿಯಲ್ಲಿ ಏನು ಬಿಟ್ಟುಹೋಗಿದೆ?

ಗಿರಿತಪ್ಪಲು (ಚಿಕ್ಕಮಗಳೂರು)

ಇಲ್ಲಿನ ಒಂದು ಕಾಫಿ ಖರೀದಿ ಕಂಪನಿಯಲ್ಲಿ ಡೇಟಾ ಕೆಲಸ ನೋಡಿಕೊಳ್ಳುತ್ತೇನೆ. ಮುಂದಿನ ತಿಂಗಳು ಬೇರೆ ತಂಡಕ್ಕೆ ಹೋಗುತ್ತಿದ್ದೇನೆ. ಬೆಳಗಿನ ಖರೀದಿ ಡ್ಯಾಶ್‌ಬೋರ್ಡ್ ನನ್ನ ಜೊತೆ ಕೆಲಸ ಮಾಡುವ ಹುಡುಗನ ಕೈಗೆ ಹೋಗುತ್ತದೆ. ಅವರಿಗೆ ಬರೆದ ಟಿಪ್ಪಣಿ ಕೆಳಗಿದೆ. ಓದಿ, ಎಲ್ಲಿ ಅರ್ಥವಾಗಲಿಲ್ಲ ಹೇಳಿ.

ವೇಳೆ: ಪ್ರತಿದಿನ ಬೆಳಗ್ಗೆ 6:15. ಸರ್ವರ್ ಉಬುಂಟು, ಅದರ ಗಡಿಯಾರ ಯುಟಿಸಿಯಲ್ಲಿದೆ. ಹಾಗಾಗಿ ಕ್ರಾನ್‌ಟ್ಯಾಬ್‌ನಲ್ಲಿ 0:45 ಅಂತ ಕಾಣುತ್ತದೆ, ಗಾಬರಿ ಬೇಡ. ಜಾಬ್‌ಗೆ ನಾಲ್ಕೈದು ನಿಮಿಷ ಸಾಕು. 6:30 ಆದರೂ ಮುಗಿದಿಲ್ಲ ಅಂದರೆ ಎಲ್ಲೋ ಸಿಕ್ಕಿಕೊಂಡಿದೆ. 7:30ಕ್ಕೆ ಖರೀದಿ ಮ್ಯಾನೇಜರ್ ಇದನ್ನು ನೋಡಿ ಆ ದಿನದ ರೇಟು ಹೇಳುತ್ತಾರೆ.

```
45 0 * * * flock -n /tmp/kharidi.lock /opt/kharidi/refresh.sh >> /var/log/kharidi.log 2>&1
```

ಮೂಲಗಳು ಮೂರು. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪ, ಸಕಲೇಶಪುರ ಡಿಪೋಗಳ ಗೂಗಲ್ ಶೀಟ್‌ಗಳು, ಅಂದರೆ ಯಾವ ಬೆಳೆಗಾರರಿಂದ ಎಷ್ಟು ಮೂಟೆ, ಪಾರ್ಚ್‌ಮೆಂಟೋ ಚೆರಿಯೋ, ಮೂಟೆಗೆ ಎಷ್ಟು ಕ್ಲೀನ್ ಕಾಫಿ ಸಿಗುತ್ತದೆ ಅನ್ನುವ ಒಟಿ ಎಷ್ಟು ಬಂತು ಅನ್ನುವ ಲೆಕ್ಕ. ಎರಡನೆಯದು ಕ್ಯೂರಿಂಗ್ ವರ್ಕ್ಸ್‌ನಿಂದ ರಾತ್ರಿ ಬರುವ ಟ್ಯಾಲಿ ಫೈಲು. ಮೂರನೆಯದು ಲಂಡನ್ ರೋಬಸ್ಟಾ, ನ್ಯೂಯಾರ್ಕ್ ಅರೇಬಿಕಾ ಮುಕ್ತಾಯದ ಬೆಲೆ.

ಜಾಬ್ ಕೆಟ್ಟರೆ: ಲಾಗ್ ನೋಡಿ, ಮತ್ತೆ ಓಡಿಸಿ. ಆಗಲಿಲ್ಲ ಅಂದರೆ ನನಗೆ ಫೋನ್ ಮಾಡಿ.

ನೈಟ್‌ಶಿಫ್ಟ್

ಚೆನ್ನಾಗಿದೆ. ಆದರೆ ಯುಟಿಸಿ ಲೆಕ್ಕ ಯಾಕೆ ಹಾಕಿಸ್ತೀರಿ? ಕ್ರಾನ್‌ಟ್ಯಾಬ್ ಮೇಲ್ಗಡೆ `CRON_TZ=Asia/Kolkata` ಅಂತ ಒಂದು ಸಾಲು ಹಾಕಿ, ಕೆಳಗೆ 15 6 ಅಂತ ಬರೆಯಿರಿ. ನಾನು ಎಲ್ಲಾ ಕಡೆ ಹಾಗೇ ಮಾಡೋದು.

ಹೇಮಾವತಿ_ದಂಡೆ (ಹಾಸನ)

ನೈಟ್‌ಶಿಫ್ಟ್, ನಿಮ್ಮದು ರೆಡ್‌ಹ್ಯಾಟ್ ಜಾತಿಯ ಸರ್ವರ್ ಇರಬೇಕು. ಅಲ್ಲಿನ ಕ್ರಾನ್ ಆ ಸಾಲನ್ನು ಓದುತ್ತದೆ. ಡೆಬಿಯನ್, ಉಬುಂಟು ಜೊತೆ ಬರುವ ಕ್ರಾನ್ ಅದನ್ನು ಸುಮ್ಮನೆ ಒಂದು ವೇರಿಯಬಲ್ ಅಂದುಕೊಳ್ಳುತ್ತದೆ. ಎರರ್ ಕೂಡ ಕೊಡುವುದಿಲ್ಲ. ಆಗ ಜಾಬ್ 6:15 ಯುಟಿಸಿಗೆ, ಅಂದರೆ ನಮ್ಮ 11:45ಕ್ಕೆ ಓಡುತ್ತದೆ. ಉಬುಂಟುವಿನಲ್ಲಿ ನಮ್ಮ ವೇಳೆಯಲ್ಲೇ ಬರೆಯಬೇಕು ಅಂದರೆ ಸಿಸ್ಟಮ್‌ಡಿ ಟೈಮರ್ ಇದೆ:

```
[Timer]
OnCalendar=*-*-* 06:15:00 Asia/Kolkata
Persistent=true
```

ಎರಡನೇ ಸಾಲಿನಿಂದ ಒಂದು ಉಪಕಾರ ಇದೆ. 6:15ಕ್ಕೆ ಸರ್ವರ್ ಆಫ್ ಆಗಿದ್ದರೆ, ಆನ್ ಆದ ಕೂಡಲೇ ತಪ್ಪಿದ ಓಟವನ್ನು ಓಡಿಸುತ್ತದೆ. ಕ್ರಾನ್‌ನಲ್ಲಿ ತಪ್ಪಿದ್ದು ತಪ್ಪಿದ್ದೇ.

ಗಿರಿತಪ್ಪಲು, ನಿಮ್ಮ ಟಿಪ್ಪಣಿಯಲ್ಲಿ ವೇಳೆ, ಮೂಲ ಎರಡೂ ಸರಿ ಇವೆ. ನನ್ನ ತಕರಾರು ಕೊನೆಯ ಸಾಲಿನ ಬಗ್ಗೆ. ಜಾಬ್ ಕೆಟ್ಟಿದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ? ಲಾಗ್‌ನಲ್ಲಿ ಎರರ್ ಬಂದರೆ ಮಾತ್ರವಾ? ಕಳೆದ ಸಲ ನಿಜವಾಗಿ ಏನು ಕೆಟ್ಟಿತ್ತು, ಅದನ್ನು ಹೇಳಿ.

ಹಾಲಿನ_ಲೆಕ್ಕ (ಹೊಳೆನರಸೀಪುರ)

ನಮ್ಮದೂ ಇದೇ ಕಥೆ ಸ್ವಾಮಿ. ಹಾಲು ಸಂಗ್ರಹಣೆಯ ದಿನದ ವರದಿ ನಾನು ಎಕ್ಸೆಲ್ ಮ್ಯಾಕ್ರೋದಲ್ಲಿ ಮಾಡ್ತೀನಿ. ಬೆಳಗ್ಗೆ ಒಂದು ಬಟನ್ ಒತ್ತಿದರೆ ಆಯ್ತು. ನಾನು ರಜೆ ಹಾಕಿದ ದಿನ ಬಟನ್ ಒತ್ತುವವರು ಯಾರೂ ಇರಲ್ಲ, ಅಷ್ಟೇ ತೊಂದರೆ. ಫ್ಯಾಟು, ಎಸ್‌ಎನ್‌ಎಫ್ ಎರಡೂ ಕಾಲಮ್ ಅದಲು ಬದಲಾಗಿ ಒಂದು ಸಲ ಎಲ್ಲರಿಗೂ ಜಾಸ್ತಿ ದುಡ್ಡು ತೋರಿಸಿತ್ತು. ಮ್ಯಾಕ್ರೋ ಫೈಲ್ ಬೇಕಾದರೆ ಕಳಿಸ್ತೀನಿ.

ಗಿರಿತಪ್ಪಲು

ಹೇಮಾವತಿ_ದಂಡೆ ಅವರೇ, ಕಳೆದ ಜನವರಿಯದ್ದು ಹೇಳುತ್ತೇನೆ. ಟಿಪ್ಪಣಿಗೆ ಹಾಕುವಷ್ಟು ದೊಡ್ಡದು ಅನ್ನಿಸಿರಲಿಲ್ಲ.

ರೋಬಸ್ಟಾ ಕೊಯ್ಲು ಶುರುವಾಗುತ್ತೆ ಅಂತ ಆಲ್ದೂರು ಡಿಪೋದಲ್ಲಿ ಜನವರಿ 1ಕ್ಕೆ ಹೊಸ ಶೀಟ್ ತೆರೆದರು. ಬೇರೆ ಒಂದು ಅಕೌಂಟಿನಿಂದ ತೆರೆದಿದ್ದು, ಅದರ ಲೊಕೇಲ್ ಅಮೆರಿಕ ಅಂತ ಇತ್ತು. ಅಲ್ಲಿನ ರೈಟರ್ ದಿನಾಂಕವನ್ನು ನಾವೆಲ್ಲ ಬರೆಯುವ ಹಾಗೆ 05/01/2026 ಅಂತ ಟೈಪ್ ಮಾಡುತ್ತಿದ್ದರು. ಶೀಟ್ ಅದನ್ನು ಮೇ 1 ಅಂತ ಹಿಡಿಯಿತು. ಪರದೆಯ ಮೇಲೆ ಮಾತ್ರ ಅವರು ಬರೆದಂತೆಯೇ ಕಾಣುತ್ತದೆ.

ನಮ್ಮ ಸ್ಕ್ರಿಪ್ಟ್ ಶೀಟ್‌ನ ಎಲ್ಲಾ ಸಾಲು ಓದಿ, ನಿನ್ನೆಯ ದಿನಾಂಕದ್ದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಜನವರಿ 6ರ ಬೆಳಗ್ಗೆ ಅದು 5ನೇ ತಾರೀಖಿನ ಸಾಲು ಹುಡುಕಿತು. ಆಲ್ದೂರಿನ ಶೀಟ್‌ನಲ್ಲಿ ಒಂದೂ ಸಿಗಲಿಲ್ಲ. ಉಳಿದ ನಾಲ್ಕು ಡಿಪೋ ಸರಿಯಾಗಿ ಬಂದವು. ಲಾಗ್‌ನಲ್ಲಿ ಎರರ್ ಇಲ್ಲ, ಜಾಬ್ ಹಸಿರು. ಆಲ್ದೂರು ಸೊನ್ನೆ ಅಂತ ಎಲ್ಲರಿಗೂ ಕಾಣುತ್ತಿತ್ತು. ಆದರೆ ಕೊಯ್ಲಿಗೆ ಆಳು ಸಿಗುತ್ತಿಲ್ಲ, ಅಲ್ಲಿ ಇನ್ನೂ ಶುರುವಾಗಿಲ್ಲ ಅಂತ ಅಂದುಕೊಂಡರು. ಜನವರಿ ಮೊದಲ ವಾರದಲ್ಲಿ ಅದು ನಂಬುವಂಥ ಮಾತೇ.

14ರ ಬೆಳಗ್ಗೆ ಜಾಬ್ ನಿಂತಿತು. 13/01/2026 ಅಂತ ಬರೆದಾಗ 13ನೇ ತಿಂಗಳು ಇಲ್ಲವಲ್ಲ, ಶೀಟ್ ಅದನ್ನು ಬರೀ ಅಕ್ಷರ ಅಂತ ಇಟ್ಟುಕೊಂಡಿತು. ದಿನಾಂಕದ ಬದಲು ಅಕ್ಷರ ಬಂದಾಗ ಸ್ಕ್ರಿಪ್ಟ್ ಹೀಗೆ ಅಂದಿತು:

```
TypeError: unsupported type for timedelta days component: str
```

ನೈಟ್‌ಶಿಫ್ಟ್

ಇದಕ್ಕೆ ಸುಲಭದ ದಾರಿ ಇದೆ. ಪಾಂಡಾಸ್‌ನಲ್ಲಿ ಓದಿ, `errors='coerce'` ಕೊಡಿ. ಅರ್ಥವಾಗದ ದಿನಾಂಕ ಖಾಲಿ ಆಗುತ್ತೆ, ಜಾಬ್ ನಿಲ್ಲಲ್ಲ.

ಹೇಮಾವತಿ_ದಂಡೆ

ಅಯ್ಯೋ, ಅದೊಂದು ಮಾಡಬೇಡಿ. ಜಾಬ್ ನಿಂತಿದ್ದರಿಂದಲೇ 14ಕ್ಕೆ ವಿಷಯ ಗೊತ್ತಾಯಿತು. ಖಾಲಿ ಮಾಡಿದ್ದರೆ ಜನವರಿ ಪೂರ್ತಿ ಆಲ್ದೂರು ಸೊನ್ನೆಯಲ್ಲೇ ಇರುತ್ತಿತ್ತು.

ಈ ಕೇಸಿನಲ್ಲಿ ಗಮನಿಸಬೇಕಾದ್ದು ಇದು. ಎರರ್ ಬಂದಿದ್ದು 13ರ ಸಾಲಿಗೆ, ಹಾಳಾಗಿದ್ದು 2ರಿಂದ 12ರವರೆಗಿನ ಸಾಲು. 1ನೇ ತಾರೀಖು ಬಚಾವ್, 01/01 ತಿರುಗಿಸಿದರೂ 01/01 ತಾನೇ. ಎರರ್ ಬಂದ ಸಾಲನ್ನು ಮಾತ್ರ ತಿದ್ದಿ ಜಾಬ್ ಮತ್ತೆ ಓಡಿಸಿದರೆ ಅದು ಹಸಿರಾಗುತ್ತದೆ. ಹನ್ನೊಂದು ದಿನದ ಕಾಫಿ ಹಾಗೇ ಕಾಣೆ. ನಿಮ್ಮ ಟಿಪ್ಪಣಿಯ 'ಮತ್ತೆ ಓಡಿಸಿ' ಅನ್ನುವ ಸಾಲು ಅವರಿಂದ ಮಾಡಿಸುವುದು ಇದನ್ನೇ.

ಇನ್ನೂ ಒಂದು. ಆ ಸಾಲುಗಳು ನಿಜವಾಗಿ ಎಲ್ಲೂ ಹೋಗಿಲ್ಲ, ಮುಂದಿನ ತಿಂಗಳುಗಳಲ್ಲಿ ಕಾಯುತ್ತಾ ಕೂತಿವೆ. ಜನವರಿ 2ರದ್ದು ಫೆಬ್ರವರಿ 1 ಆಗಿದೆ, 3ರದ್ದು ಮಾರ್ಚ್ 1. ಸರಿ ಮಾಡದೆ ಬಿಟ್ಟಿದ್ದರೆ ಫೆಬ್ರವರಿ 2ರ ಬೆಳಗ್ಗೆ ಸ್ಕ್ರಿಪ್ಟ್ ಜನವರಿ 2ರ ಮೂಟೆಗಳನ್ನು ನಿನ್ನೆಯದು ಅಂತ ಎತ್ತಿಕೊಂಡು ಬರುತ್ತಿತ್ತು. ಹೀಗೆ ಡಿಸೆಂಬರ್‌ವರೆಗೆ ಪ್ರತಿ ತಿಂಗಳೂ ಒಂದೊಂದು ದಿನ. ಜುಲೈ ಮಳೆಯಲ್ಲಿ ಆಲ್ದೂರಿನಿಂದ ತಾಜಾ ರೋಬಸ್ಟಾ ಬಂತು ಅಂದರೆ ಮ್ಯಾನೇಜರ್ ಏನಂತಾರೆ?

ಹೇಗೆ ಸರಿ ಮಾಡಿದಿರಿ?

ಗಿರಿತಪ್ಪಲು

ಫೈಲ್ ಸೆಟ್ಟಿಂಗ್ಸ್‌ನಲ್ಲಿ ಲೊಕೇಲನ್ನು ಭಾರತಕ್ಕೆ ಬದಲಾಯಿಸಿದೆವು. ಅದರಿಂದ ಮುಂದೆ ಬರೆಯುವುದು ಮಾತ್ರ ಸರಿಯಾಗುತ್ತದೆ. ಒಳಗೆ ಮೇ 1 ಅಂತ ಕೂತಿದ್ದು ಮೇ 1 ಆಗಿಯೇ ಉಳಿಯುತ್ತದೆ, ಈಗ 01/05/2026 ಅಂತ ಕಾಣುತ್ತದೆ ಅಷ್ಟೇ. ಹಾಗಾಗಿ ಪಕ್ಕದ ಕಾಲಮ್‌ನಲ್ಲಿ ಈ ಸೂತ್ರ ಹಾಕಿ, ಬಂದ ದಿನಾಂಕಗಳನ್ನು ಸೂತ್ರ ಬಿಟ್ಟು ಬರೀ ವ್ಯಾಲ್ಯೂ ಆಗಿ ಹಳೆಯದರ ಮೇಲೆ ಅಂಟಿಸಿದೆವು. 2ರಿಂದ 12ರ ಸಾಲುಗಳಿಗೆ ಮಾತ್ರ:

```
=DATE(YEAR(A2),DAY(A2),MONTH(A2))
```

ಅಕ್ಷರವಾಗಿದ್ದ 13ರ ಸಾಲುಗಳನ್ನು ಕೈಯಲ್ಲೇ ಮತ್ತೆ ಟೈಪ್ ಮಾಡಿಸಿದೆವು. ಆಮೇಲೆ ಹಳೆಯ ದಿನದಿಂದ ಶುರುಮಾಡಿ ಒಂದೊಂದೇ ದಿನ `refresh.sh 2026-01-02` ಅಂತ ತಾರೀಖು ಕೊಟ್ಟು ಓಡಿಸಿದೆವು.

ಹೊಸ_ಕಾವಲು (ಮೂಡಿಗೆರೆ)

ಮೇಡಂ, ನಾನೇ. ಲಿಂಕ್ ಸಿಕ್ಕಿತು. ನನ್ನ ಹೆಸರು ಹಾಕದೆ ಇದ್ದಿದ್ದಕ್ಕೆ ಥ್ಯಾಂಕ್ಸ್.

ಮೂರು ಡೌಟು. ಒಂದೇ ತಾರೀಖನ್ನು ಎರಡು ಸಲ ಓಡಿಸಿದರೆ ಮೂಟೆ ಎರಡರಷ್ಟು ಆಗುತ್ತಾ? ಕಳೆದ ಸೋಮವಾರ ನೋಡಿದೆ, ಲಂಡನ್ ಬೆಲೆ ಶುಕ್ರವಾರದ್ದೇ ಇತ್ತು, ಅದು ಜಾಬ್ ಕೆಟ್ಟಿದ್ದಾ? ಮತ್ತೆ, ಬೆಳಗ್ಗೆ ಬೇಗ ಎದ್ದು 5 ಗಂಟೆಗೇ ಒಂದು ಸಲ ಓಡಿಸಿ ನೋಡಬಹುದಾ, 6:15ರ ತನಕ ಕಾಯುವ ಬದಲು?

ಗಿರಿತಪ್ಪಲು

ಮೂಟೆ ಎರಡರಷ್ಟು ಆಗಲ್ಲ. ಆ ದಿನದ ಸಾಲುಗಳನ್ನು ಅಳಿಸಿ ಹೊಸದಾಗಿ ತುಂಬುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಡೆಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಹಳೆಯದು ಹಾಗೇ ಇರುತ್ತದೆ. ಎಷ್ಟು ಸಲ ಬೇಕಾದರೂ ಓಡಿಸಿ.

ಸೋಮವಾರದ್ದು ಸರಿಯಾಗೇ ಇದೆ. ಶನಿವಾರ, ಭಾನುವಾರ ಅಲ್ಲಿ ವಹಿವಾಟು ಇಲ್ಲ. ಸೋಮವಾರ ಬೆಳಗ್ಗೆ ಶುಕ್ರವಾರದ ಬೆಲೆಯೇ ಇರಬೇಕು, ಬೇರೆ ಏನಾದರೂ ಕಂಡರೆ ಆಗ ಗಾಬರಿಯಾಗಿ. ಉಳಿದ ದಿನ ಲಂಡನ್ ರೋಬಸ್ಟಾ ಅಲ್ಲಿನ ಸಂಜೆ 5:30ಕ್ಕೆ ಮುಗಿಯುತ್ತದೆ. ನಮಗೆ ಅದು ಬೇಸಿಗೆಯಲ್ಲಿ ರಾತ್ರಿ 10, ಚಳಿಗಾಲದಲ್ಲಿ 11. ನ್ಯೂಯಾರ್ಕ್ ಅದಕ್ಕಿಂತ ಒಂದು ಗಂಟೆ ತಡ. ಮಾರ್ಚ್‌ನಲ್ಲಿ ಅಮೆರಿಕ ಮೊದಲು ಗಡಿಯಾರ ತಿರುಗಿಸುತ್ತದೆ, ಬ್ರಿಟನ್ ತಿಂಗಳ ಕೊನೆಯ ಭಾನುವಾರ. ಆ ಕೆಲವು ದಿನ ಎರಡೂ ಒಂದೇ ಹೊತ್ತಿಗೆ ಮುಗಿಯುತ್ತವೆ. ಬೆಳಗ್ಗೆ 6:15ಕ್ಕೆ ಇದ್ಯಾವುದೂ ತೊಂದರೆ ಕೊಡಲ್ಲ. ಯಾರಾದರೂ ಜಾಬನ್ನು ರಾತ್ರಿ 10:30ಕ್ಕೆ ತನ್ನಿ ಅಂದರೆ ಒಪ್ಪಬೇಡಿ, ಅಷ್ಟೇ.

ಹೇಮಾವತಿ_ದಂಡೆ

5 ಗಂಟೆಯ ಪ್ರಶ್ನೆ ಒಳ್ಳೆಯದು. ಸ್ಕ್ರಿಪ್ಟ್ ನಿನ್ನೆ ಅನ್ನುವುದನ್ನು ಸರ್ವರ್ ಗಡಿಯಾರದಿಂದ ತೆಗೆದುಕೊಂಡರೆ, ನಮ್ಮ ಬೆಳಗ್ಗೆ 5:30ರ ತನಕ ಸರ್ವರ್‌ಗೆ ಇನ್ನೂ ಹಿಂದಿನ ದಿನ. 5 ಗಂಟೆಗೆ ಓಡಿಸಿದರೆ ಅದಕ್ಕೆ ನಿನ್ನೆ ಅಂದರೆ ನಮ್ಮ ಮೊನ್ನೆ. ಮೊನ್ನೆಯದನ್ನು ಮತ್ತೆ ತುಂಬಿ, ಹಸಿರು ತೋರಿಸಿ ಸುಮ್ಮನಾಗುತ್ತದೆ. ಅಲ್ಲಿ `current_date` ಬದಲು ಇದನ್ನು ಹಾಕಿಸಿ:

```sql
(now() AT TIME ZONE 'Asia/Kolkata')::date - 1
```

ಮತ್ತೆ ಆ `flock -n`. ಹಿಂದಿನ ಓಟ ಸಿಕ್ಕಿಕೊಂಡಿದ್ದರೆ ಹೊಸದು ಮಾತಾಡದೆ ವಾಪಸ್ ಹೋಗುತ್ತದೆ. ಲಾಗ್‌ನಲ್ಲಿ ಒಂದು ಸಾಲೂ ಬೀಳಲ್ಲ. ಖಾಲಿ ಲಾಗ್ ನೋಡಿ ಎಲ್ಲಾ ಸರಿ ಇದೆ ಅಂದುಕೊಳ್ಳಬೇಡಿ. ಸ್ಕ್ರಿಪ್ಟ್ ಮುಂದೆ `timeout 20m` ಸೇರಿಸಿದರೆ ಸಿಕ್ಕಿಕೊಂಡದ್ದು ತಾನೇ ಸಾಯುತ್ತದೆ.

ಈಗ ಟಿಪ್ಪಣಿಯ ಕೊನೆಯ ಭಾಗ. ನಾನಾಗಿದ್ದರೆ 'ಜಾಬ್ ಕೆಟ್ಟರೆ' ಅಂತ ಶುರುಮಾಡುವುದಿಲ್ಲ. ಜಾಬ್ ಹಸಿರಿದ್ದರೂ, ಕೆಂಪಿದ್ದರೂ ಬೆಳಗ್ಗೆ 6:30ಕ್ಕೆ ಮೊದಲು ಇದನ್ನು ಓಡಿಸಿ ಅಂತ ಬರೆಯುತ್ತೇನೆ:

```sql
SELECT depot, max(dina) AS koneya_dina
FROM kharidi GROUP BY depot ORDER BY 2;
```

ಯಾವ ಡಿಪೋದ ಕೊನೆಯ ದಿನ ಹಿಂದೆ ಬಿದ್ದಿದೆಯೋ ಅದು ಮೇಲೆ ಬರುತ್ತದೆ. ಜನವರಿ 6ಕ್ಕೆ ಇದನ್ನು ನೋಡಿದ್ದರೆ ಆಲ್ದೂರು ಮೇಲೆ ಇರುತ್ತಿತ್ತು. ಆಗ ಶೀಟ್ ತೆರೆದು ಕಣ್ಣಲ್ಲಿ ನೋಡಿ. ಶೀಟ್‌ನಲ್ಲಿ ಸಾಲು ಇದೆ, ಟೇಬಲ್‌ನಲ್ಲಿ ಇಲ್ಲ ಅಂದರೆ ತೊಂದರೆ ನಮ್ಮ ಕಡೆ ಅಥವಾ ದಿನಾಂಕದಲ್ಲಿ. ಶೀಟ್‌ನಲ್ಲೇ ಇಲ್ಲ ಅಂದರೆ ಡಿಪೋಗೆ ಫೋನ್. ಇದನ್ನು ಮಾಡಿದ ಮೇಲೆ ಮಾತ್ರ ಮತ್ತೆ ಓಡಿಸುವ ಮಾತು. ಜೊತೆಗೆ ಸ್ಕ್ರಿಪ್ಟ್‌ನಲ್ಲಿ ಒಂದು ತಡೆ ಹಾಕಿ: ಇವತ್ತಿಗಿಂತ ಮುಂದಿನ ದಿನಾಂಕದ ಸಾಲು ಯಾವ ಶೀಟ್‌ನಲ್ಲಿ ಕಂಡರೂ ಜಾಬ್ ನಿಲ್ಲಬೇಕು. ಜನವರಿ 2ರ ಸಾಲು ಬರೆದ ಮರುದಿನವೇ ಸಿಕ್ಕಿಬೀಳುತ್ತಿತ್ತು.

ನೈಟ್‌ಶಿಫ್ಟ್

ನಿಮ್ಮ ಕ್ವೆರಿಯಲ್ಲೂ ಒಂದು ತೂತಿದೆ ನೋಡಿ. ಹೊಸ ಡಿಪೋ ತೆರೆದು, ಅದರ ಒಂದು ಸಾಲೂ ಇನ್ನೂ ಬಂದಿಲ್ಲ ಅಂದರೆ ಆ ಹೆಸರೇ ಪಟ್ಟಿಯಲ್ಲಿ ಬರಲ್ಲ. ಡಿಪೋಗಳ ಪಟ್ಟಿ ಬೇರೆ ಟೇಬಲ್‌ನಲ್ಲಿಟ್ಟು ಅದರಿಂದ ಲೆಫ್ಟ್ ಜಾಯಿನ್ ಮಾಡಬೇಕು.

ಪವರ್ ಬಿಐ ಆಗಿದ್ದರೆ ಇಷ್ಟೆಲ್ಲಾ ಬೇಕಾಗಿರಲಿಲ್ಲ. ರಿಫ್ರೆಶ್ ಫೇಲ್ ಆದರೆ ಅದೇ ಮೇಲ್ ಕಳಿಸುತ್ತೆ.

ಹೇಮಾವತಿ_ದಂಡೆ

ಲೆಫ್ಟ್ ಜಾಯಿನ್ ಮಾತು ಸರಿ, ಒಪ್ಪಿದೆ. ಮೇಲ್ ಮಾತು ಒಪ್ಪಲ್ಲ. ಫೇಲ್ ಆದರೆ ತಾನೇ ಮೇಲ್? ಆಲ್ದೂರು ಕಾಣೆಯಾದ ಹನ್ನೊಂದು ದಿನವೂ ಅದು ಸಕ್ಸಸ್ ಅಂತಲೇ ಹೇಳುತ್ತಿತ್ತು. ಮೇಲಾಗಿ ಅದು ಸತತ ನಾಲ್ಕು ಸಲ ಫೇಲ್ ಆದರೆ ಶೆಡ್ಯೂಲನ್ನೇ ಆಫ್ ಮಾಡಿಬಿಡುತ್ತದೆ.

ತೂಕದ_ಮನೆ (ಕೊಪ್ಪ)

ನೀವೆಲ್ಲ ಶೀಟ್, ಶೀಟ್ ಅಂತೀರಿ. ಆ ಶೀಟ್ ತುಂಬುವವನು ನಾನು. ನಿಮ್ಮ ಕಂಪನಿ ಅಲ್ಲ, ಬೇರೆ ಕಡೆ ಡಿಪೋ ರೈಟರ್. ಸಂಜೆ ಲಾರಿ ಕಳಿಸಿ, ತೂಕದ ಚೀಟಿ ಒಟ್ಟುಮಾಡಿ ಮೊಬೈಲ್‌ನಲ್ಲಿ ತುಂಬೋದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಯ್ತು. ಮರುದಿನ ಹತ್ತು ಗಂಟೆಗೆ ತುಂಬ್ತೀವಿ. ನಿಮ್ಮ 6:15ರ ಜಾಬ್‌ಗೆ ಅದು ಸಿಗುತ್ತಾ ಮಾರಾಯ್ರೆ?

ಮತ್ತೆ ಬೆಳಗ್ಗೆ ಆರೂವರೆಗೆ ಫೋನ್ ಮಾಡಿದರೆ ನಾನಂತೂ ಎತ್ತಲ್ಲ. ಡಿಪೋ ತೆರೆಯೋದು ಒಂಬತ್ತಕ್ಕೆ.

ಗಿರಿತಪ್ಪಲು

ಸಿಗಲ್ಲ. ನಿನ್ನೆಯದನ್ನು ಮಾತ್ರ ಓದುವುದರಿಂದ ತಡವಾಗಿ ಬಂದ ಸಾಲು ಬಿಟ್ಟೇ ಹೋಗುತ್ತದೆ. ಈಗ ಅಂಥವನ್ನು ಕೈಯಲ್ಲಿ ತಾರೀಖು ಕೊಟ್ಟು ಓಡಿಸುತ್ತೇನೆ. ಟಿಪ್ಪಣಿಯಲ್ಲಿ ಅದೂ ಇಲ್ಲ ಅಲ್ವಾ.

ಹೇಮಾವತಿ_ದಂಡೆ

ಪ್ರತಿದಿನ ಹಿಂದಿನ ಏಳು ದಿನ ಅಳಿಸಿ ತುಂಬಿಸಿ. ನಿಮ್ಮ ಡೇಟಾ ಚಿಕ್ಕದು, ಅರ್ಧ ನಿಮಿಷ ಜಾಸ್ತಿ ಆಗಬಹುದು. ಆಗ ಹತ್ತು ಗಂಟೆಗೆ ತುಂಬಿದ್ದು ಮರುದಿನ ತಾನಾಗಿ ಬರುತ್ತದೆ. ಏಳು ದಿನಕ್ಕಿಂತ ಹಳೆಯದು ತಿದ್ದಿದರೆ ಮಾತ್ರ ಕೈಯಲ್ಲಿ ಓಡಿಸಬೇಕು. ಆಲ್ದೂರಿನಂಥ ಕೇಸಿಗೆ ಏಳು ದಿನ ಸಾಲದು, ಅದನ್ನು ಟಿಪ್ಪಣಿಯಲ್ಲಿ ಬರೆದಿಡಿ.

ಹೊಸ_ಕಾವಲು

ಎರರ್ ಬಂದಾಗ ಯಾವುದಕ್ಕೆ ಮತ್ತೆ ಓಡಿಸೋದು, ಯಾವುದಕ್ಕೆ ಬೇಡ ಅಂತ ಹೇಳ್ತೀರಾ? ಮೊನ್ನೆ ಟೆಸ್ಟ್ ಮಾಡುವಾಗ 429 ಅಂತ ಬಂತು, ಇನ್ನೊಂದು ಸಲ 403.

ಗಿರಿತಪ್ಪಲು

429 ಅಂದರೆ ಗೂಗಲ್‌ಗೆ ಒಂದೇ ನಿಮಿಷದಲ್ಲಿ ಜಾಸ್ತಿ ಸಲ ಕೇಳಿದ್ದೀರಿ. ಎರಡು ನಿಮಿಷ ಬಿಟ್ಟು ಓಡಿಸಿ, ಸರಿಹೋಗುತ್ತದೆ. 500, 503 ಕೂಡ ಹಾಗೇ.

403, ಜೊತೆಗೆ `PERMISSION_DENIED` ಬಂದರೆ ನೂರು ಸಲ ಓಡಿಸಿದರೂ ಅಷ್ಟೇ. ಯಾರೋ ಹೊಸ ಶೀಟ್ ತೆರೆದು ನಮ್ಮ ಸರ್ವಿಸ್ ಅಕೌಂಟ್‌ಗೆ ಶೇರ್ ಮಾಡಿಲ್ಲ. ಆ ಅಕೌಂಟಿನ ಇಮೇಲ್ ವಿಳಾಸವನ್ನು ಡಿಪೋಗೆ ಕಳಿಸಿ, ವ್ಯೂವರ್ ಆಗಿ ಸೇರಿಸಲು ಹೇಳಿ. ಅದು ಆಗುವಾಗಲೇ ಲೊಕೇಲನ್ನೂ ನೋಡಿ. ಹೊಸ ಶೀಟ್ ಅಂದರೆ ಎರಡೂ ಒಟ್ಟಿಗೇ ಕೆಡುವುದು.

`TypeError` ಬಂದರೆ ಓಡಿಸಬೇಡಿ. ಶೀಟ್ ತೆರೆಯಿರಿ, ತಾರೀಖಿನ ಕಾಲಮ್ ನೋಡಿ. ದಿನಾಂಕ ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರವಾಗಿದ್ದು ಎಡಕ್ಕೆ. ಯಾರೂ ಅಲೈನ್‌ಮೆಂಟ್ ಮುಟ್ಟಿಲ್ಲದಿದ್ದರೆ ಕಣ್ಣಿಗೇ ಗೊತ್ತಾಗುತ್ತದೆ. ಎಡಕ್ಕಿದ್ದ ಸಾಲು ಸಿಕ್ಕಿದ ಮೇಲೆ, ಅದರ ಮೇಲಿನವೂ ಸರಿಯಾಗಿವೆಯಾ ಅಂತ ಆ ತಿಂಗಳ 1ರ ತನಕ ಹಿಂದೆ ಹೋಗಿ ನೋಡಿ.

ಟ್ಯಾಲಿ ಫೈಲು ಅರ್ಧ ಬಂದಿದ್ದರೆ ಕೊನೆಯ ಸಾಲು ಮಧ್ಯದಲ್ಲೇ ತುಂಡಾಗಿರುತ್ತದೆ. ಹತ್ತು ನಿಮಿಷ ಕಾದು ಓಡಿಸಿ. ಕ್ಯೂರಿಂಗ್ ವರ್ಕ್ಸ್‌ನವರಿಗೆ ಬೇರೆ ಹೆಸರಲ್ಲಿ ಕಳಿಸಿ, ಪೂರ್ತಿ ಹೋದ ಮೇಲೆ ಹೆಸರು ಬದಲಾಯಿಸಿ ಅಂತ ಕೇಳಿದ್ದೇನೆ. ಇನ್ನೂ ಮಾಡಿಲ್ಲ.

ಹಾಲಿನ_ಲೆಕ್ಕ

ದಿನಾಂಕ ಎಡ ಬಲ ಇರೋದು ಎಕ್ಸೆಲ್‌ನಲ್ಲೂ ಹಾಗೇನಾ? ಈಗ ತೆಗೆದು ನೋಡಿದೆ, ನಮ್ಮಲ್ಲಿ ಎಲ್ಲಾ ನಡುವಿಗೆ ಇದೆ.

ಹೇಮಾವತಿ_ದಂಡೆ

ಹಾಗೇನೆ. ಯಾರೋ ಸೆಂಟರ್ ಅಲೈನ್ ಕೊಟ್ಟಿದ್ದಾರೆ. ಅಲೈನ್‌ಮೆಂಟ್ ತೆಗೆದು ನೋಡಿ. ಅಥವಾ ಪಕ್ಕದಲ್ಲಿ `=ISNUMBER(A2)` ಹಾಕಿ, ದಿನಾಂಕಕ್ಕೆ ಟ್ರೂ ಬರುತ್ತದೆ.

ತೂಕದ_ಮನೆ

ಇನ್ನೊಂದು. ಭಾನುವಾರ ಡಿಪೋ ರಜೆ. ಶೀಟ್‌ನಲ್ಲಿ ಸಾಲೇ ಇರಲ್ಲ. ನಿಮ್ಮ ಲೆಕ್ಕದಲ್ಲಿ ಅದೂ ಹಿಂದೆ ಬಿದ್ದ ಡಿಪೋ ಆಗುತ್ತೆ.

ಹೇಮಾವತಿ_ದಂಡೆ

ರಜೆಯ ದಿನವೂ ತಾರೀಖು ಹಾಕಿ ಮೂಟೆ 0 ಅಂತ ಒಂದು ಸಾಲು ಬರೆದರೆ ಸಾಕು. ಸೊನ್ನೆ ಅಂದರೆ ಬರಲಿಲ್ಲ, ಸಾಲೇ ಇಲ್ಲ ಅಂದರೆ ಗೊತ್ತಿಲ್ಲ. ಎರಡೂ ಬೇರೆ ಬೇರೆ.

ತೂಕದ_ಮನೆ

ರಜೆ ದಿನ ಕೂತು ಸೊನ್ನೆ ಬರೀಬೇಕಾ? ಸೋಮವಾರ ಬರೆದರೆ ನಿಮ್ಮ ಬೆಳಗ್ಗೆ 6:30ಕ್ಕೆ ಸಿಗಲ್ಲ. ರಜೆಯ ಪಟ್ಟಿ ನೀವೇ ಇಟ್ಟುಕೊಳ್ಳಿ, ಅದು ಆಫೀಸಿನ ಕೆಲಸ.

ಗಿರಿತಪ್ಪಲು

ಶನಿವಾರ ಸಂಜೆಯೇ ಭಾನುವಾರದ ಸೊನ್ನೆ ಬರೆಯಿರಿ ಅಂತ ಕೇಳಬಹುದು. ಆದರೆ ಆಗ ಮುಂದಿನ ದಿನಾಂಕ ಕಂಡರೆ ಜಾಬ್ ನಿಲ್ಲಿಸು ಅನ್ನುವ ತಡೆ ಪ್ರತಿ ಭಾನುವಾರ... ಇಲ್ಲ, ಭಾನುವಾರ ಬೆಳಗ್ಗೆ ಅದು ಇವತ್ತಿನ ದಿನಾಂಕವೇ, ಹಾದುಹೋಗುತ್ತದೆ. ಸೋಮವಾರವೂ ರಜೆ ಇದ್ದು ಎರಡು ದಿನದ್ದು ಒಟ್ಟಿಗೆ ಬರೆದರೆ ಮಾತ್ರ ನಿಲ್ಲುತ್ತದೆ. ಯೋಚಿಸಬೇಕು. ಆಯುಧಪೂಜೆ, ವಿಜಯದಶಮಿ ಒಟ್ಟಿಗೇ ಬರುತ್ತವಲ್ಲ.

ಇನ್ನೊಂದು ತೀರ್ಮಾನ ಬಾಕಿ ಇದೆ. 7:30ಕ್ಕೆ ಒಂದು ಡಿಪೋದ ಲೆಕ್ಕ ಬಂದಿಲ್ಲ ಅಂದರೆ ನಾಲ್ಕರದ್ದನ್ನು ತೋರಿಸುವುದಾ, ಇಲ್ಲ ನಿನ್ನೆಯ ಪೂರ್ತಿ ಲೆಕ್ಕವನ್ನೇ ಬಿಡುವುದಾ?

ನೈಟ್‌ಶಿಫ್ಟ್

ನಿನ್ನೆಯದ್ದೇ ಬಿಡಿ. ಅರ್ಧ ಲೆಕ್ಕ ಅಪಾಯ.

ಹೇಮಾವತಿ_ದಂಡೆ

ನಾನು ನಾಲ್ಕನ್ನು ತೋರಿಸುತ್ತೇನೆ, ಐದನೆಯದರ ಜಾಗದಲ್ಲಿ ಸೊನ್ನೆ ಹಾಕದೆ ಅದರ ಕೊನೆಯ ದಿನಾಂಕ ಹಾಕುತ್ತೇನೆ. ಮೇಲ್ಗಡೆ ಜಾಬ್ ಓಡಿದ ಹೊತ್ತು ಬರೆಯುವುದು ಬೇಡ, ಅದನ್ನು ನೋಡಿ ಎಲ್ಲರೂ ಇವತ್ತಿನ ಲೆಕ್ಕ ಅಂದುಕೊಳ್ಳುತ್ತಾರೆ.

ಹೊಸ_ಕಾವಲು

ಮೇಡಂ, ಇದನ್ನು ಖರೀದಿ ಮ್ಯಾನೇಜರ್ ಹತ್ತಿರ ನೀವೇ ಕೇಳಿ ಹೋಗಿ. ನಾನು ಹೊಸಬ, ನಾನು ಕೇಳಿದರೆ ಎರಡೂ ಬೇಕು ಅಂತಾರೆ.

ಗಿರಿತಪ್ಪಲು

ಗುರುವಾರ ಇಬ್ಬರೂ ಹೋಗೋಣ. ಅಷ್ಟರಲ್ಲಿ ಐದೂ ಶೀಟ್‌ಗಳ ಲೊಕೇಲ್ ನೀವು ನೋಡಿಡಿ. ಸಕಲೇಶಪುರದ್ದು ಹೋದ ವಾರ ಹೊಸ ಫೋನಿನಿಂದ ತೆರೆದಿದ್ದಾರೆ.